ಯಾವ ವಾಕ್ಯಕ್ಕೆ ಯಾವುದರ ಋಣ?

ನಾಲ್ಕು ವಾಕ್ಯಗಳನ್ನು 24 ಬಗೆಯಲ್ಲಿ ಸಾಲಾಗಿ ಇಡಬಹುದು. ಐದಾದರೆ 120 ಬಗೆ, ಆರಾದರೆ 720. ‘ಕೆಳಗಿನ ವಾಕ್ಯಗಳನ್ನು ಸರಿಯಾದ ಅನುಕ್ರಮದಲ್ಲಿ ಜೋಡಿಸಿ’ ಎಂದು ಭಾಷಾ ಪತ್ರಿಕೆಯಲ್ಲಿ ಒಂದು ಸಾಲಿನಲ್ಲಿ ಕೇಳಿಬಿಡುತ್ತಾರೆ. ಅಭ್ಯರ್ಥಿಯ ಮುಂದೆ ಬಂದು ಬೀಳುವುದು ಇಷ್ಟು ದೊಡ್ಡ ರಾಶಿ. ಒಂದೊಂದನ್ನೇ ಓದಿ ನೋಡಿ, ಯಾವುದು ಚೆನ್ನಾಗಿ ಕೇಳಿಸುತ್ತದೆ ಎಂದು ತೂಗಿ ನೋಡುವಷ್ಟು ಸಮಯ ಯಾವ ಪರೀಕ್ಷೆಯಲ್ಲೂ ಇರುವುದಿಲ್ಲ. ಹಾಗಿದ್ದರೂ ಹೆಚ್ಚಿನವರು ಮಾಡುವುದು ಅದನ್ನೇ: ಎಲ್ಲ ವಾಕ್ಯಗಳನ್ನೂ ಓದುತ್ತಾರೆ, ಮನಸ್ಸಿನಲ್ಲೇ ಒಂದು ಕಥೆ ಕಟ್ಟುತ್ತಾರೆ, ಆ ಕಥೆಗೆ ಹೊಂದುವಂತೆ ವಾಕ್ಯಗಳನ್ನು ಸಾಲು ಹಚ್ಚುತ್ತಾರೆ. ಕಥೆ ಅವರದು, ವಾಕ್ಯಗಳು ಬೇರೆಯವರವು. ತಪ್ಪಾಗುವುದು ಅಲ್ಲೇ.

ಈ ಪ್ರಶ್ನೆಯನ್ನು ಬಿಡಿಸಲು ಕಥೆ ಬೇಕಾಗಿಲ್ಲ ಎಂಬುದೇ ನಾನು ಇಲ್ಲಿ ಹೇಳಹೊರಟಿರುವ ಮಾತು. ಬರವಣಿಗೆಯಲ್ಲಿ ಮೊದಲ ವಾಕ್ಯವೊಂದನ್ನು ಬಿಟ್ಟರೆ ಉಳಿದ ಪ್ರತಿ ವಾಕ್ಯವೂ ಹಿಂದಿನ ಯಾವುದೋ ವಾಕ್ಯಕ್ಕೆ ಋಣಿಯಾಗಿರುತ್ತದೆ. ‘ಅದು’ ಎಂದರೆ ಯಾವುದು ಎಂಬುದನ್ನು ಹಿಂದೆಯೇ ಹೇಳಿರಬೇಕು. ‘ಆದರೆ’ ಎನ್ನಬೇಕಾದರೆ ಅದಕ್ಕೆ ಎದುರಾದ ಮಾತೊಂದು ಹಿಂದೆ ಬಂದಿರಬೇಕು. ಈ ಋಣದ ಗುರುತು ವಾಕ್ಯದ ಮೈಮೇಲೆಯೇ ಇರುತ್ತದೆ, ಕನ್ನಡದಲ್ಲಂತೂ ಧಾರಾಳವಾಗಿ ಇರುತ್ತದೆ. ಅದನ್ನು ಓದಲು ಕಲಿತವರಿಗೆ 720ರ ರಾಶಿ ನಾಲ್ಕೈದು ಹೆಜ್ಜೆಯಲ್ಲಿ ಒಂದಕ್ಕೆ ಇಳಿಯುತ್ತದೆ.

ಮಾತಿಗಿಂತ ಉದಾಹರಣೆಯೇ ಮೇಲು. ಕೆಳಗಿನ ಆರು ವಾಕ್ಯಗಳು ಒಂದು ಪ್ಯಾರಾದವು, ಕ್ರಮ ಕೆಟ್ಟಿದೆ.

ಯ. ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ.

ರ. ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿ ಎಂಬ ಜಲಪಾತಗಳಾಗಿ ಧುಮುಕುತ್ತದೆ.

ಲ. ಮೂರು ವರ್ಷಗಳ ನಂತರ ಬೆಂಗಳೂರಿನ ಬೀದಿದೀಪಗಳೂ ಅದೇ ವಿದ್ಯುತ್ತಿನಿಂದ ಬೆಳಗಿದವು.

ವ. ಅದಿರು ಕುಟ್ಟುವ ಯಂತ್ರಗಳು ಅಲ್ಲಿ ಅದುವರೆಗೆ ಉಗಿಯ ಬಲದಿಂದ ನಡೆಯುತ್ತಿದ್ದವು.

ಶ. ಈ ನೀರಿನ ಬಲದಿಂದ 1902ರಲ್ಲಿ ಮೈಸೂರು ಸಂಸ್ಥಾನ ವಿದ್ಯುತ್ ಉತ್ಪಾದಿಸಲು ಆರಂಭಿಸಿತು.

ಸ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಅದನ್ನು ತಂತಿಯ ಮೂಲಕ ಒಯ್ಯಲಾಯಿತು.

ಕೋಚಿಂಗ್ ತರಗತಿಗಳಲ್ಲಿ ಮೊದಲು ಹೇಳಿಕೊಡುವ ಸೂತ್ರ ‘ಆರಂಭದ ವಾಕ್ಯ ಹುಡುಕಿ’ ಎಂಬುದು. ಈ ಪ್ಯಾರಾದಲ್ಲಿ ಅದು ಸುಲಭ. ‘ರ’ ಒಂದನ್ನು ಬಿಟ್ಟು ಉಳಿದ ಐದರಲ್ಲೂ ಹಿಂದಕ್ಕೆ ಕೈಚಾಚುವ ಪದ ಇದೆ: ಆದರೆ, ಆ, ನಂತರ, ಅದೇ, ಅಲ್ಲಿ, ಅದುವರೆಗೆ, ಈ, ಅದನ್ನು. ಆದರೆ ಎಲ್ಲ ಪ್ರಶ್ನೆಗಳಲ್ಲೂ ಆರಂಭ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಪ್ರಶ್ನೆ ರೂಪಿಸುವವರು ಬೇಕೆಂದೇ ಎರಡು ವಾಕ್ಯಗಳನ್ನು ಆರಂಭದಂತೆ ಕಾಣಿಸಿರುತ್ತಾರೆ. ಆಗ ಆರಂಭಕ್ಕಾಗಿ ತಡಕಾಡುತ್ತ ಕುಳಿತರೆ ಸಮಯ ಹೋಗುತ್ತದೆ. ಅದಕ್ಕಿಂತ, ಬಿಡಿಸಲಾಗದಂತೆ ಅಂಟಿಕೊಂಡ ಒಂದು ಜೋಡಿಯನ್ನು ಮೊದಲು ಹುಡುಕುವುದು ವಾಸಿ. ಲೆಕ್ಕವೂ ಇದನ್ನೇ ಹೇಳುತ್ತದೆ. ಆರರಲ್ಲಿ ಒಂದು ಜೋಡಿ ಖಚಿತವಾದರೆ ಅದು ಒಂದೇ ಘಟಕವಾಗಿ ಚಲಿಸುತ್ತದೆ, ಉಳಿಯುವುದು ಐದು ಘಟಕ, 720 ಎಂಬುದು 120ಕ್ಕೆ ಇಳಿಯಿತು. ಇನ್ನೊಂದು ಕೊಂಡಿ ಸಿಕ್ಕರೆ 24.

ಇಲ್ಲಿ ಅತಿ ಬಿಗಿಯಾದ ಜೋಡಿ ‘ಯ’ ಮತ್ತು ‘ಸ’. ‘ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ’ ಎಂದು ಹೇಳಿ ಯಾರೂ ಅಲ್ಲಿಗೇ ಮಾತು ನಿಲ್ಲಿಸುವುದಿಲ್ಲ. ಮತ್ತೆಲ್ಲಿಗೆ ಎಂಬ ಪ್ರಶ್ನೆಯನ್ನು ಆ ವಾಕ್ಯ ಎತ್ತಿ ಬಿಟ್ಟಿದೆ. ಉತ್ತರ ಕೊಡುವುದು ‘ಸ’ ಮಾತ್ರ, ಅದರಲ್ಲಿನ ‘ಗಣಿಗಳಿಗೆ’ ಎಂಬ ಪದ. ಋಣ ಹಿಂದಿನದಕ್ಕೆ ಮಾತ್ರ ಇರಬೇಕೆಂದಿಲ್ಲ, ಹೀಗೆ ಮುಂದಿನದಕ್ಕೂ ಇರುತ್ತದೆ. ಇಂಥ ವಾಕ್ಯ ಪ್ಯಾರಾದ ಕೊನೆಯಲ್ಲಿ ಬರಲಾರದು.

‘ಸ’ದ ಬೆನ್ನಿಗೆ ‘ವ’. ಅದಿರು ಕುಟ್ಟುವ ಯಂತ್ರಗಳು ಇರುವ ಜಾಗ ಗಣಿಯೇ, ಆದ್ದರಿಂದ ‘ಅಲ್ಲಿ’ ಎಂದರೆ ಕೋಲಾರ. ‘ಅದುವರೆಗೆ’ ಎಂದರೆ ವಿದ್ಯುತ್ತು ಬಂದು ಮುಟ್ಟುವವರೆಗೆ. ಎರಡೂ ಪದಗಳ ಲೆಕ್ಕ ‘ಸ’ದಲ್ಲೇ ಚುಕ್ತಾ ಆಗುತ್ತದೆ. ‘ಯ’ ಮತ್ತು ‘ಸ’ದ ನಡುವೆ ‘ವ’ವನ್ನು ತೂರಿಸಿ ನೋಡಿ: ‘ಅಲ್ಲಿ’ ಎಂಬುದು ಬೆಂಗಳೂರನ್ನು ತೋರಿಸತೊಡಗುತ್ತದೆ, ಬೆಂಗಳೂರಿನಲ್ಲಿ ಅದಿರು ಕುಟ್ಟುತ್ತಿದ್ದರು ಎಂದಾಗಿಬಿಡುತ್ತದೆ. ಇನ್ನು ‘ಶ’ದಲ್ಲಿನ ‘ಈ ನೀರು’ ಸಿಗುವುದು ‘ರ’ದಲ್ಲಿ ಮಾತ್ರ. ಹೀಗೆ ಆರು ಬಿಡಿ ವಾಕ್ಯಗಳು ಮೂರು ತುಂಡಾದವು: ರ–ಶ, ಯ–ಸ–ವ, ಮತ್ತು ಒಂಟಿ ‘ಲ’. ‘ಯ’ದಲ್ಲಿರುವ ‘ಆ ವಿದ್ಯುತ್ತು’ ‘ಶ’ದ ನಂತರವೇ ಬರಬೇಕಾದ್ದರಿಂದ ರ–ಶ ಮೊದಲು, ಯ–ಸ–ವ ಆಮೇಲೆ. ‘ಮೂರು ವರ್ಷಗಳ ನಂತರ’ ಎನ್ನಲು 1902 ಬೇಕು, ಹಾಗಾಗಿ ‘ಲ’ ಕೂಡ ‘ಶ’ದ ಈಚೆಗೇ ಬರಬೇಕು. 720ರಲ್ಲಿ ಈಗ ಉಳಿದಿರುವುದು ಎರಡೇ:

ರ–ಶ–ಯ–ಸ–ವ–ಲ

ರ–ಶ–ಲ–ಯ–ಸ–ವ

ಈ ಎರಡನೆಯದನ್ನು ಸ್ವಲ್ಪ ನಿಧಾನವಾಗಿ ಓದಬೇಕು, ಏಕೆಂದರೆ ಒಳ್ಳೆಯ ಅಭ್ಯರ್ಥಿಗಳು ಸೋಲುವುದು ಇಂಥ ಕಡೆ. 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು, ಮೂರು ವರ್ಷಗಳ ನಂತರ ಬೆಂಗಳೂರಿನ ಬೀದಿದೀಪ ಬೆಳಗಿದವು, ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ, ಕೋಲಾರಕ್ಕೆ ಹೋಯಿತು. ಕೇಳಲು ಚೆನ್ನಾಗಿಯೇ ಇದೆ. ‘ಮೂರು ವರ್ಷಗಳ ನಂತರ’ ಎಂಬುದು 1902ಕ್ಕೆ ಇನ್ನೂ ಹತ್ತಿರವಾಯಿತು. ‘ಆದರೆ’ ಎಂಬುದಕ್ಕೂ ಗಟ್ಟಿ ಎದುರು ಸಿಕ್ಕಿತು. ಕಥೆ ಕಟ್ಟಿ ಉತ್ತರ ಬರೆಯುವವರು ಇದನ್ನೇ ಆರಿಸಿಕೊಳ್ಳುತ್ತಾರೆ.

ಇದು ತಪ್ಪು ಎಂದು ಹೇಳುವುದು ಒಂದೇ ಒಂದು ಸ್ವರ. ‘ಲ’ದಲ್ಲಿ ಇರುವುದು ‘ಬೀದಿದೀಪಗಳು’ ಅಲ್ಲ, ‘ಬೀದಿದೀಪಗಳೂ’. ಆ ದೀರ್ಘ ‘ಊ’ ಹೇಳುವುದು ಇಷ್ಟು: ಈ ವಿದ್ಯುತ್ತು ಅಷ್ಟರಲ್ಲಿ ಬೇರೆ ಯಾರಿಗೋ ಸಿಕ್ಕಿತ್ತು, ಈಗ ಇವಕ್ಕೂ ಸಿಕ್ಕಿತು. ಆ ಬೇರೆ ಯಾರೋ ಓದುಗನಿಗೆ ಮೊದಲೇ ಗೊತ್ತಿರಬೇಕು. ಎರಡನೆಯ ಕ್ರಮದಲ್ಲಿ ‘ಲ’ ಬರುವ ಹೊತ್ತಿಗೆ ಯಾರಿಗೂ ವಿದ್ಯುತ್ತು ಸಿಕ್ಕಿಲ್ಲ, ಉತ್ಪಾದನೆಯಷ್ಟೇ ಆಗಿದೆ. ಮೊದಲ ಕ್ರಮದಲ್ಲಿ ಗಣಿಗಳಿಗೆ ಆಗಲೇ ಸಿಕ್ಕಿದೆ. ‘ಅದೇ ವಿದ್ಯುತ್ತು’ ಎಂಬುದರಲ್ಲಿನ ‘ಏ’ ಕೂಡ ಇದಕ್ಕೇ ಒತ್ತಾಸೆ: ಗಣಿಯನ್ನು ನಡೆಸಿದ್ದೇ ಬೀದಿಯನ್ನೂ ಬೆಳಗಿತು ಎಂಬ ಭಾವ ಅದರಲ್ಲಿದೆ. ಹೀಗೆ ಉತ್ತರ ರ–ಶ–ಯ–ಸ–ವ–ಲ.

ಒಂದು ಪ್ರಯೋಗ ಮಾಡಿ. ‘ಲ’ದಿಂದ ಆ ದೀರ್ಘವನ್ನೂ ‘ಅದೇ’ ಎಂಬುದನ್ನೂ ತೆಗೆದು, ‘ಮೂರು ವರ್ಷಗಳ ನಂತರ ಬೆಂಗಳೂರಿನ ಬೀದಿದೀಪಗಳು ವಿದ್ಯುತ್ತಿನಿಂದ ಬೆಳಗಿದವು’ ಎಂದು ಬರೆಯಿರಿ. ಈಗ ಎರಡು ಕ್ರಮಗಳೂ ಒಪ್ಪುವಂಥವೇ. ಕೀ ಉತ್ತರದಲ್ಲಿ ಒಂದನ್ನೇ ಕೊಟ್ಟರೆ ಅದು ಅನ್ಯಾಯ. ಪ್ರಶ್ನೆ ನಿಂತಿರುವುದು ಎಷ್ಟು ಸಣ್ಣ ಊರುಗೋಲಿನ ಮೇಲೆ ಎಂಬುದು ಇದರಿಂದ ಗೊತ್ತಾಗುತ್ತದೆ. ಅಚ್ಚಿನಲ್ಲಿ ಒಂದು ದೀರ್ಘ ತಪ್ಪಿಹೋದರೆ ಪ್ರಶ್ನೆಯೇ ಕೆಟ್ಟಂತೆ.

ಶಾಲೆಯ ವ್ಯಾಕರಣ ಪಾಠ ಸಾಮಾನ್ಯವಾಗಿ ವಾಕ್ಯಕ್ಕೆ ಮುಗಿಯುತ್ತದೆ. ಸಂಧಿ, ಸಮಾಸ, ವಿಭಕ್ತಿ, ಕ್ರಿಯಾಪದ, ಕೊನೆಗೆ ಅವ್ಯಯಗಳ ಪಟ್ಟಿ. ‘ಊ’, ‘ಏ’, ‘ಅಂತೂ’, ‘ಆದರೆ’, ‘ಅಲ್ಲದೆ’ ಇವೆಲ್ಲ ಆ ಪಟ್ಟಿಯಲ್ಲಿ ಬಾಯಿಪಾಠವಾಗಿರುತ್ತವೆ, ಆದರೆ ಒಂದು ವಾಕ್ಯವನ್ನು ಇನ್ನೊಂದಕ್ಕೆ ಕಟ್ಟುವ ಕೆಲಸ ಇವು ಹೇಗೆ ಮಾಡುತ್ತವೆ ಎಂದು ಯಾರೂ ತೋರಿಸಿರುವುದಿಲ್ಲ. ಇಂಗ್ಲಿಷಿಗೆ ಇಂಥ ಕೊಂಡಿಗಳ ವಿವರವಾದ ಅಧ್ಯಯನವನ್ನು ಹ್ಯಾಲಿಡೆ ಮತ್ತು ರುಕಯ್ಯಾ ಹಸನ್ 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸರ್ವನಾಮ, ಲೋಪ, ಸಂಬಂಧಸೂಚಕ ಪದ, ಪದಗಳ ಪುನರಾವರ್ತನೆ ಎಂದೆಲ್ಲ ಅವರು ಮಾಡಿದ ವಿಂಗಡಣೆ ಭಾಷಾ ಬೋಧನೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಅದನ್ನು ಹಾಗೆಯೇ ಎತ್ತಿ ಕನ್ನಡಕ್ಕೆ ಹಚ್ಚಿದರೆ ಕನ್ನಡದ ಮುಖ್ಯ ಸುಳಿವುಗಳೇ ಕೈಬಿಟ್ಟುಹೋಗುತ್ತವೆ. ನಮ್ಮ ಹುಡುಗರು ಇಂಗ್ಲಿಷ್ ಗೈಡುಗಳಿಂದ ಕಲಿತ ಸೂತ್ರಗಳನ್ನು ಕನ್ನಡ ಪತ್ರಿಕೆಗೆ ಬಳಸಿ ಎಡವುವುದು ಇದರಿಂದಲೇ.

ಮೊದಲ ಸುಳಿವು, ಇಲ್ಲದಿರುವ ಕರ್ತೃ. ಕನ್ನಡದಲ್ಲಿ ‘ಯಾರು’ ಎಂಬುದು ಗೊತ್ತಿದ್ದರೆ ಮತ್ತೆ ಹೇಳುವುದಿಲ್ಲ. ‘ಹೊಳೆ ದಾಟಿ ನಿಲ್ದಾಣ ತಲುಪಿದಳು’ ಎಂಬುದು ಪೂರ್ಣ ವಾಕ್ಯ. ‘ಅವಳು’ ಎಂಬ ಪದ ಹುಡುಕುವವರಿಗೆ ಇದರಲ್ಲಿ ಯಾವ ಕೊಂಡಿಯೂ ಕಾಣುವುದಿಲ್ಲ. ಆದರೆ ಕ್ರಿಯಾಪದದ ತುದಿಯಲ್ಲಿನ ‘ಳು’ ತನಗೊಬ್ಬಳು ಹೆಣ್ಣುಮಗಳು ಬೇಕು, ಅವಳ ಪರಿಚಯ ಹಿಂದಿನ ವಾಕ್ಯದಲ್ಲಿ ಆಗಿರಬೇಕು ಎಂದು ಹೇಳುತ್ತಿದೆ. ಕರ್ತೃವಿಲ್ಲದ ವಾಕ್ಯ ಕಂಡ ಕೂಡಲೇ ಕ್ರಿಯಾಪದದ ಕೊನೆಯನ್ನು ನೋಡಬೇಕು: ‘ಅನು’, ‘ಅಳು’, ‘ಅರು’, ‘ಇತು’, ‘ಅವು’ ಇವುಗಳಲ್ಲಿ ಯಾವುದಿದೆ, ಅದಕ್ಕೆ ಹೊಂದುವ ವ್ಯಕ್ತಿ ಅಥವಾ ವಸ್ತು ಉಳಿದ ಯಾವ ವಾಕ್ಯದಲ್ಲಿದೆ ಎಂದು. ಅರ್ಧ ಜೋಡಿಗಳು ಇಷ್ಟರಲ್ಲೇ ಸಿಕ್ಕಿಬಿಡುತ್ತವೆ. ಎಚ್ಚರ ಬೇಕಾದದ್ದು ‘ಅರು’ ಕೊನೆಯ ವಿಷಯದಲ್ಲಿ. ‘ಮೇಷ್ಟ್ರು ಊರಿಗೆ ಹೊಸಬರು’, ‘ಊರಿನ ಹಿರಿಯರು ಶಾಲೆಗೆ ಜಾಗ ಕೊಟ್ಟಿದ್ದರು’, ‘ಅಲ್ಲೇ ಒಂದು ಕೋಣೆ ಕಟ್ಟಿಸಿದರು’. ಕೋಣೆ ಕಟ್ಟಿಸಿದವರು ಯಾರು? ಮೇಷ್ಟ್ರು ಒಬ್ಬರೇ, ಹಿರಿಯರು ಹಲವರು, ಆದರೆ ಗೌರವದ ಬಹುವಚನದಿಂದಾಗಿ ಕ್ರಿಯಾಪದ ಇಬ್ಬರಿಗೂ ಒಂದೇ. ಇಂಥ ಕಡೆ ಕ್ರಿಯಾಪದವನ್ನು ನಂಬದೆ ‘ಅಲ್ಲೇ’ಯಂಥ ಬೇರೆ ಸಾಕ್ಷಿಯನ್ನು ನೋಡಬೇಕು.

ಎರಡನೆಯದು ವಿಭಕ್ತಿ. ಇಂಗ್ಲಿಷಿನವರಿಗೆ ಹೊಸ ವಸ್ತುವಿಗೊಂದು, ಹಳೆಯ ವಸ್ತುವಿಗೊಂದು ಗುರುತು ನಾಮಪದದ ಮುಂದೆಯೇ ಇರುತ್ತದೆ. ಕನ್ನಡದಲ್ಲಿ ಹಾಗಿಲ್ಲ ಎಂದು ಅಭ್ಯರ್ಥಿಗಳು ಕೈಚೆಲ್ಲುತ್ತಾರೆ. ಗುರುತು ಇದೆ, ಆದರೆ ನಾಮಪದದ ಹಿಂದೆ ಇದೆ. ‘ಸಂತೆಯಿಂದ ಎಮ್ಮೆ ತಂದರು’, ‘ಎಮ್ಮೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿದರು’. ಮೊದಲನೆಯದರಲ್ಲಿ ಎಮ್ಮೆ ಈಗಷ್ಟೇ ಮಾತಿಗೆ ಬಂತು. ‘ಅನ್ನು’ ಹತ್ತಿದ ಎಮ್ಮೆ ನಮಗೆ ಆಗಲೇ ಗೊತ್ತಿರುವ ಎಮ್ಮೆ. ಮನುಷ್ಯರ ಹೆಸರಿಗೆ ಈ ಪ್ರತ್ಯಯ ಹೇಗೂ ಬೇಕಾಗುವುದರಿಂದ ಅಲ್ಲಿ ಇದು ಸುಳಿವಾಗುವುದಿಲ್ಲ. ವಸ್ತು, ಪ್ರಾಣಿಗಳ ವಿಷಯದಲ್ಲಿ ಬಹಳ ಸಲ ಕೆಲಸಕ್ಕೆ ಬರುತ್ತದೆ. ಇದನ್ನು ಕಟ್ಟುನಿಟ್ಟಿನ ನಿಯಮ ಎಂದುಕೊಳ್ಳಬಾರದು, ಬರೆಯುವವರು ‘ಒಂದು ಎಮ್ಮೆಯನ್ನು ತಂದರು’ ಎಂದೂ ಬರೆಯುತ್ತಾರೆ. ಒಲವು ಯಾವ ಕಡೆಗೆ ಎಂಬುದನ್ನಷ್ಟೇ ಇದು ತೋರಿಸುತ್ತದೆ, ತೀರ್ಪಿಗೆ ಇನ್ನೊಂದು ಸುಳಿವು ಜೊತೆಗಿರಬೇಕು.

ಮೂರನೆಯದು ನನಗೆ ಬಹಳ ಇಷ್ಟವಾದ ಸುಳಿವು, ಗೈಡುಗಳಲ್ಲಿ ಕಾಣಸಿಗುವುದೇ ಅಪರೂಪ. ಮೇಲಿನ ‘ಯ’ದಲ್ಲಿ ‘ಆ ವಿದ್ಯುತ್ತು ಮೊದಲು ಹೋಯಿತು’ ಎಂದಿಲ್ಲ, ‘ಹೋದದ್ದು’ ಎಂದಿದೆ. ‘ಬಾಗಿಲು ತೆರೆದದ್ದು ಶಿವಪ್ಪ’ ಎಂದರೆ ಬಾಗಿಲು ತೆರೆದ ವಿಷಯ ಇಬ್ಬರಿಗೂ ಗೊತ್ತಿದೆ, ಯಾರು ಎಂಬುದಷ್ಟೇ ಹೊಸದು. ‘ಶಿವಪ್ಪ ಬಾಗಿಲು ತೆರೆದ’ ಎಂಬುದಕ್ಕೆ ಹಿಂದೆ ಏನೂ ಬೇಕಾಗಿಲ್ಲ, ಅದು ಪ್ಯಾರಾದ ಮೊದಲ ವಾಕ್ಯವೂ ಆಗಬಹುದು. ‘ಹೋದದ್ದು’, ‘ಕಂಡದ್ದು’, ‘ಬೇಕಾಗಿರುವುದು’ ಎಂಬ ರೂಪ ವಾಕ್ಯದ ನಡುವೆ ಕಂಡರೆ, ಅದರ ಎಡಕ್ಕಿರುವ ವಿಷಯ ಸಾಮಾನ್ಯವಾಗಿ ಹಳೆಯದು, ಬಲಕ್ಕಿರುವುದು ಹೊಸದು. ಎಡಗಡೆಯ ವಿಷಯ ಯಾವ ವಾಕ್ಯದಲ್ಲಿದೆಯೋ ಅದು ಹಿಂದೆ ಬರಬೇಕು, ಬಲಗಡೆಯ ವಿಷಯವನ್ನು ಬೆಳೆಸುವ ವಾಕ್ಯ ಮುಂದೆ ಬರಬೇಕು. ಒಂದೇ ರೂಪ ಎರಡು ಕಡೆಗೂ ದಾರಿ ತೋರಿಸುತ್ತದೆ. ಕಥೆಗಾರರು ಮೊದಲ ಸಾಲನ್ನೇ ಈ ರೂಪದಲ್ಲಿ ಬರೆದು ಓದುಗನನ್ನು ಸೆಳೆಯುವುದುಂಟು, ಪರೀಕ್ಷೆಯ ಗದ್ಯದಲ್ಲಿ ಹಾಗೆ ಬರುವುದು ಕಡಿಮೆ.

ಇಸವಿಗಳ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಇಸವಿ ಕಂಡ ಕೂಡಲೇ ಏರಿಕೆ ಕ್ರಮದಲ್ಲಿ ಜೋಡಿಸುವುದು ಎಲ್ಲರ ಕೈಗೂ ಹತ್ತಿರುವ ಅಭ್ಯಾಸ. ನಮ್ಮ ಆರು ವಾಕ್ಯಗಳಿಗೆ ಏಳನೆಯದೊಂದನ್ನು ಸೇರಿಸೋಣ:

ಹ. ಅದಕ್ಕೂ ಐದು ವರ್ಷ ಮೊದಲೇ, 1897ರಲ್ಲಿ, ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್‌ನಲ್ಲಿ ಒಂದು ಸಣ್ಣ ಜಲವಿದ್ಯುತ್ ಘಟಕ ಶುರುವಾಗಿತ್ತು.

ಇಸವಿ ನೋಡಿದರೆ ಇದು 1902ಕ್ಕಿಂತ ಹಿಂದೆ ಬರಬೇಕು. ಆದರೆ ‘ಅದಕ್ಕೂ ಐದು ವರ್ಷ ಮೊದಲೇ’ ಎನ್ನಲು 1902ರ ಮಾತು ಆಗಲೇ ಬಂದಿರಬೇಕು. ‘ಶುರುವಾಯಿತು’ ಎನ್ನದೆ ‘ಶುರುವಾಗಿತ್ತು’ ಎಂದಿರುವುದೂ ಅದಕ್ಕೇ. ‘ಇತ್ತು’ ಎಂದು ಮುಗಿಯುವ ಕ್ರಿಯಾಪದ, ಕಥೆ ಮುಂದೆ ಹೋಗಿದ್ದು ಒಂದು ಗಳಿಗೆ ಹಿಂದಕ್ಕೆ ತಿರುಗಿ ನೋಡಿತು ಎಂಬುದರ ಗುರುತು. ಹಾಗಾದರೆ ‘ಹ’ ಬರಬೇಕಾದದ್ದು ‘ಶ’ದ ಬೆನ್ನಿಗೆ. ಅಲ್ಲಿಟ್ಟು ಮುಂದಿನ ವಾಕ್ಯ ಓದಿ: ‘ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ.’ ಈಗ ‘ಆ ವಿದ್ಯುತ್ತು’ ಡಾರ್ಜಿಲಿಂಗಿನದಾಯಿತು! ಬೇರೆಲ್ಲಾದರೂ ಇಟ್ಟು ನೋಡಿ. ‘ಲ’ದ ಕೊನೆಯಲ್ಲಿ ಇಟ್ಟರೆ ಐದು ವರ್ಷದ ಲೆಕ್ಕ ಬೀದಿದೀಪಗಳ ವರ್ಷಕ್ಕೆ ತಗಲಿಕೊಳ್ಳುತ್ತದೆ. ಅದು 1905, ಅದರಿಂದ ಐದು ಕಳೆದರೆ 1900, 1897 ಅಲ್ಲ. ಈ ಪ್ಯಾರಾದಲ್ಲಿ ‘ಹ’ಕ್ಕೆ ಜಾಗವೇ ಇಲ್ಲ. ವಿಷಯ ಹೊಂದುತ್ತದೆ, ಎಳೆ ಹೊಂದುವುದಿಲ್ಲ.

ಕ್ಯಾಟ್‌ನಂಥ ಪರೀಕ್ಷೆಗಳಲ್ಲಿ ಐದು ವಾಕ್ಯ ಕೊಟ್ಟು ‘ಗುಂಪಿಗೆ ಸೇರದ ಒಂದನ್ನು ಆರಿಸಿ’ ಎಂದು ಕೇಳುತ್ತಾರಲ್ಲ, ಅದು ಇದೇ ಪ್ರಶ್ನೆಯ ಇನ್ನೊಂದು ಮುಖ. ಸೇರದ ವಾಕ್ಯ ಬೇರೆ ವಿಷಯದ್ದಾಗಿರುತ್ತದೆ ಎಂದು ಹುಡುಕಿದರೆ ಸಿಗುವುದಿಲ್ಲ. ಅದೂ ಜಲವಿದ್ಯುತ್ತಿನ ಬಗ್ಗೆಯೇ ಇರುತ್ತದೆ. ಅದನ್ನು ಎಲ್ಲಿಟ್ಟರೂ ಅಕ್ಕಪಕ್ಕದ ಕೊಂಡಿಯೊಂದು ಕಳಚುತ್ತದೆ, ಅದನ್ನು ತೆಗೆದರೆ ಉಳಿದವು ತಾವಾಗಿ ಕೂಡಿಕೊಳ್ಳುತ್ತವೆ. ಗುರುತು ಹಿಡಿಯುವುದು ಹಾಗೆ.

ಪರೀಕ್ಷೆಯಿಂದ ಪರೀಕ್ಷೆಗೆ ಪ್ರಶ್ನೆಯ ರೂಪ ಬೇರೆಯಾಗುತ್ತದೆ, ಅದರೊಂದಿಗೆ ತಪ್ಪಿನ ಬೆಲೆಯೂ. ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ನಾಲ್ಕು ವಾಕ್ಯ ಕೊಟ್ಟು ನಾಲ್ಕು ಆಯ್ಕೆ ಕೊಡುತ್ತಾರೆ. ಅಲ್ಲಿ ಪೂರ್ತಿ ಜೋಡಿಸುವ ಗೋಜಿಗೇ ಹೋಗಬೇಕಾಗಿಲ್ಲ, ಒಂದು ಖಚಿತ ಜೋಡಿ ಸಿಕ್ಕರೆ ಎರಡು ಮೂರು ಆಯ್ಕೆಗಳು ಬಿದ್ದುಹೋಗುತ್ತವೆ. ಬ್ಯಾಂಕ್ ಪರೀಕ್ಷೆಗಳ ಹಳೆಯ ಮಾದರಿಯಲ್ಲಿ ಆರು ವಾಕ್ಯಗಳ ಒಂದು ಗುಂಪಿನ ಮೇಲೆ ‘ಮೊದಲನೆಯದು ಯಾವುದು’, ‘ಮೂರನೆಯದು ಯಾವುದು’ ಎಂದು ಐದು ಪ್ರಶ್ನೆ ಬರುತ್ತಿದ್ದವು. ಕ್ಯಾಟ್‌ನಲ್ಲಿ 2015ರಿಂದ ಆಯ್ಕೆಗಳೇ ಇಲ್ಲದ ಪ್ರಶ್ನೆಗಳಿವೆ, ವಾಕ್ಯ ಜೋಡಣೆ ಈಚೆಗೆ ಹೆಚ್ಚಾಗಿ ಆ ಬಗೆಯದೇ. ನಾಲ್ಕು ಅಂಕಿಗಳನ್ನು ತಾನೇ ಟೈಪ್ ಮಾಡಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದರೆ ಅರ್ಧ ಸರಿಗೆ ಅರ್ಧ ಅಂಕವೂ ಇಲ್ಲ.

ಈ ವ್ಯತ್ಯಾಸ ನಮ್ಮ ಉದಾಹರಣೆಯಲ್ಲಿ ಹೇಗೆ ಕಾಣುತ್ತದೆ ನೋಡಿ. ರ–ಶ–ಲ–ಯ–ಸ–ವ ಎಂದು ಬರೆದ ವಿದ್ಯಾರ್ಥಿ ನಿಜಕ್ಕೂ ಮಾಡಿದ್ದು ಒಂದೇ ತಪ್ಪು, ‘ಲ’ವನ್ನು ಮುಂದಕ್ಕೆ ತಂದದ್ದು. ಕ್ಯಾಟ್ ರೀತಿಯಲ್ಲಿ ಅವನಿಗೆ ಸೊನ್ನೆ. ಸ್ಥಾನ ನೋಡಿ ಅಂಕ ಕೊಟ್ಟರೆ ಆರರಲ್ಲಿ ಎರಡೇ ಸರಿ, ‘ಲ’ ಮೊದಲೇ ಬಂದದ್ದರಿಂದ ಅದರ ನಂತರದ ಮೂರೂ ಒಂದೊಂದು ಮನೆ ಜರುಗಿವೆ. ಆದರೆ ಪಕ್ಕಪಕ್ಕದ ಜೋಡಿಗಳನ್ನು ಎಣಿಸಿದರೆ ಐದರಲ್ಲಿ ಮೂರು ಸರಿ ಇವೆ: ರ–ಶ, ಯ–ಸ, ಸ–ವ. ಮೂರರಲ್ಲಿ ಅವನ ತಿಳಿವಳಿಕೆಗೆ ಹತ್ತಿರವಾದ ಲೆಕ್ಕ ಕೊನೆಯದು. ತರಗತಿಯಲ್ಲಿ ಅಭ್ಯಾಸ ಮಾಡಿಸುವ ಮೇಷ್ಟ್ರುಗಳು ಹೀಗೆಯೇ ಅಂಕ ಕೊಡುವುದು ಒಳ್ಳೆಯದು. ಯಾವ ಜೋಡಿ ತಪ್ಪಿತು ಎಂದು ನೋಡಿದರೆ ಹುಡುಗನಿಗೆ ಸರ್ವನಾಮ ತೊಡಕೋ, ‘ಊ’ ಪ್ರತ್ಯಯ ತೊಡಕೋ, ಕಾಲದ ಗುರುತು ತೊಡಕೋ ಎಂಬುದು ತಿಳಿಯುತ್ತದೆ. ಸೊನ್ನೆ ಹಾಕಿದರೆ ಏನೂ ತಿಳಿಯುವುದಿಲ್ಲ.

ಇನ್ನು ಕೆಟ್ಟ ಪ್ರಶ್ನೆಗಳ ಮಾತು. ಒಂದೇ ಉತ್ತರ ಇರುವಂತೆ ಪ್ಯಾರಾ ಒಡೆಯುವುದು ಬಿಡಿಸುವುದಕ್ಕಿಂತ ಕಷ್ಟದ ಕೆಲಸ, ಅದನ್ನು ಅವಸರದಲ್ಲಿ ಮಾಡಿದಾಗ ಹೀಗಾಗುತ್ತದೆ:

ಯ. ಭತ್ತವನ್ನೂ ಬೆಳೆಯುತ್ತಾರೆ.

ರ. ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಕಬ್ಬು ಮುಖ್ಯ ಬೆಳೆ.

ಲ. ರಾಗಿಯನ್ನೂ ಬೆಳೆಯುತ್ತಾರೆ.

ವ. ಹೀಗಾಗಿ ಇಲ್ಲಿ ವರ್ಷವಿಡೀ ಹೊಲದ ಕೆಲಸ ಇರುತ್ತದೆ.

‘ರ’ ಮೊದಲು, ‘ವ’ ಕೊನೆ, ಅದರಲ್ಲಿ ಸಂಶಯವಿಲ್ಲ. ಭತ್ತ ಮೊದಲೋ ರಾಗಿ ಮೊದಲೋ? ಎರಡರಲ್ಲೂ ‘ಊ’ ಇದೆ, ಎರಡಕ್ಕೂ ಕಬ್ಬು ಹಿಂದೆ ಬಂದಿದ್ದರೆ ಸಾಕು. ಪ್ರಶ್ನೆ ಬರೆದವರ ಮನಸ್ಸಿನಲ್ಲಿ ಭತ್ತ ಮೊದಲಿತ್ತು, ವಾಕ್ಯದಲ್ಲಿ ಅದಕ್ಕೆ ಸಾಕ್ಷಿ ಇಲ್ಲ. ಸರಿಪಡಿಸಲು ಒಂದು ವಾಕ್ಯ ತಿದ್ದಿದರೆ ಸಾಕು. ‘ಲ’ವನ್ನು ‘ನಾಲೆ ನೀರು ಏರದ ದಿಣ್ಣೆಗಳಲ್ಲಿ ಈ ಎರಡನ್ನೂ ಬಿಟ್ಟು ರಾಗಿ ಬಿತ್ತುತ್ತಾರೆ’ ಎಂದು ಬರೆಯಿರಿ. ‘ಈ ಎರಡು’ ಎನ್ನಲು ಕಬ್ಬು, ಭತ್ತ ಎರಡೂ ಬಂದಿರಲೇಬೇಕು. ಉತ್ತರ ರ–ಯ–ಲ–ವ ಎಂದು ನಿಂತಿತು.

ಇಂಗ್ಲಿಷಿನಿಂದ ಅನುವಾದಿಸಿ ಮಾಡಿದ ಪ್ರಶ್ನೆಗಳಲ್ಲಿ ಈ ದೋಷ ಹೆಚ್ಚು. ಅನುವಾದಕರು ಪ್ರತಿ ವಾಕ್ಯವನ್ನೂ ಬಿಡಿಬಿಡಿಯಾಗಿ ತೆಗೆದುಕೊಂಡು, ಸ್ಪಷ್ಟವಾಗಲಿ ಎಂದು ಸರ್ವನಾಮದ ಜಾಗದಲ್ಲಿ ಹೆಸರನ್ನೇ ಬರೆದುಬಿಡುತ್ತಾರೆ. ‘ಆ ವಿದ್ಯುತ್ತು’ ಎಂಬುದು ‘ಶಿವನಸಮುದ್ರದ ವಿದ್ಯುತ್ತು’ ಆಗುತ್ತದೆ, ‘ಅಲ್ಲಿ’ ಎಂಬುದು ‘ಕೋಲಾರದಲ್ಲಿ’ ಆಗುತ್ತದೆ. ಪ್ರತಿ ವಾಕ್ಯವೂ ತನ್ನ ಕಾಲ ಮೇಲೆ ತಾನು ನಿಂತಿತು, ಯಾರ ಋಣವೂ ಉಳಿಯಲಿಲ್ಲ, ಕ್ರಮವನ್ನು ತೋರಿಸುವ ಗುರುತೂ ಉಳಿಯಲಿಲ್ಲ.

ಪ್ರಶ್ನೆ ಸಿದ್ಧಪಡಿಸುವವರು ಅದನ್ನು ಪರೀಕ್ಷಿಸಿ ನೋಡುವುದು ಕಷ್ಟವಲ್ಲ. ಕೀ ಉತ್ತರ ತೋರಿಸದೆ ಮೂರ್ನಾಲ್ಕು ಜನ ಸಹೋದ್ಯೋಗಿಗಳಿಂದ ಬಿಡಿಸಿ, ಪ್ರತಿ ಕೊಂಡಿಗೂ ಕಾರಣವಾದ ಪದದ ಕೆಳಗೆ ಗೆರೆ ಎಳೆಯಲು ಹೇಳಬೇಕು. ಉತ್ತರ ಎಲ್ಲರದೂ ಒಂದೇ ಬಂದು, ಒಂದು ಕೊಂಡಿಗೆ ಮಾತ್ರ ಯಾರೂ ಗೆರೆ ಎಳೆಯಲಾಗದಿದ್ದರೆ ಅವರು ಅಲ್ಲಿ ಊಹಿಸಿದ್ದಾರೆ ಎಂದರ್ಥ, ಆ ಜಾಗವನ್ನು ತಿದ್ದಬೇಕು. ಅಭ್ಯರ್ಥಿಗೂ ಇದೇ ಗೆರೆ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆಯ ನಂತರ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸುವ ಕಡೆ ‘ನನ್ನ ಕ್ರಮವೂ ಅರ್ಥಪೂರ್ಣವಾಗಿದೆ’ ಎಂದಷ್ಟೇ ಬರೆದರೆ ಅದಕ್ಕೆ ತೂಕವಿಲ್ಲ. ಕೀ ಉತ್ತರದ ಕ್ರಮವನ್ನೂ ತನ್ನ ಕ್ರಮವನ್ನೂ ಮೇಲೆ ಕೆಳಗೆ ಪೂರ್ತಿ ಪ್ಯಾರಾ ಆಗಿ ಬರೆಯಬೇಕು. ಎರಡೂ ಬೇರೆಯಾಗುವ ಜಾಗದಲ್ಲಿನ ‘ಅದು’, ‘ಊ’, ‘ನಂತರ’ ಇವುಗಳನ್ನು ಒಂದೊಂದಾಗಿ ಎತ್ತಿಕೊಂಡು, ಪ್ರತಿಯೊಂದಕ್ಕೂ ಎರಡು ಕ್ರಮದಲ್ಲೂ ಹಿಂದಿನ ವಾಕ್ಯದಲ್ಲಿ ಆಧಾರ ಇದೆ ಎಂದು ತೋರಿಸಬೇಕು.